ಬೆನ್ನು ಸುಟ್ಟದ್ದು ಬೆಳಕಿಗೆ, ತಲೆ ತಿರುಗಿದ್ದು ಬಿಸಿಗೆ

ಮಲ್ಪೆಯ ಮರಳಿನ ಮೇಲೆ ಇಡೀ ಹಗಲು ಕುಣಿದವರಿಗೆ ಬೆನ್ನು ಸುಟ್ಟಿದೆ ಅಂತ ಅಲ್ಲೇ ಗೊತ್ತಾಗುವುದಿಲ್ಲ. ಗೊತ್ತಾಗುವುದು ಸಂಜೆ ಬಸ್ಸು ಹತ್ತಿ ಸೀಟಿಗೆ ಒರಗಿದಾಗ. ಅಂಗಿಯ ಬಟ್ಟೆ ತಾಗಿದರೂ ಉರಿ, ಬ್ಯಾಗಿನ ಪಟ್ಟಿ ಹೆಗಲ ಮೇಲೆ ನಿಲ್ಲುವುದಿಲ್ಲ. ಘಾಟಿ ಹತ್ತುವ ಹೊತ್ತಿಗೆ ಮೈಯೆಲ್ಲ ಕಾವು, ಒಳಗೆ ಸಣ್ಣಗೆ ಚಳಿ. ಬಿಸಿಲಿನಿಂದ ಆಚೆ ಬಂದು ಮೂರು ತಾಸಾದ ಮೇಲೆ ಉರಿ ಯಾಕೆ ಶುರುವಾಯಿತು ಎಂಬ ಪ್ರಶ್ನೆ ಆಗ ಯಾರಿಗೂ ಹೊಳೆಯುವುದಿಲ್ಲ. ಆದರೆ ಮುಂದಿನ ಎರಡು ವಾರ ಏನು ಮಾಡಬೇಕು, ಏನು ಮಾಡಬಾರದು ಎಂಬುದೆಲ್ಲ ಆ ಪ್ರಶ್ನೆಯ ಉತ್ತರದಲ್ಲೇ ಇದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ದಾವಣಗೆರೆ ಕಡೆಯ ಡಿಗ್ರಿ ಹುಡುಗ, ಇಪ್ಪತ್ತೊಂದು ವರ್ಷ, ನಸುಗಪ್ಪು ಮೈಬಣ್ಣ. ಮಾರ್ಚ್ ಕೊನೆಯ ವಾರದ ಕಾಲೇಜು ಪ್ರವಾಸ. ಬೆಳಿಗ್ಗೆ ಹತ್ತಕ್ಕೆ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ, ಮಧ್ಯಾಹ್ನ ವಾಪಸು ಬಂದು ನಾಲ್ಕರವರೆಗೆ ಮಲ್ಪೆಯ ನೀರಿನಲ್ಲಿ ಆಟ, ನಡುವೆ ಮರಳಿನ ಮೇಲೆ ವಾಲಿಬಾಲ್. ಅಂಗಿ ಬಿಚ್ಚಿ ಬ್ಯಾಗಿಗೆ ಹಾಕಿದ್ದು ಹತ್ತೂವರೆಗೆ, ಮತ್ತೆ ತೊಟ್ಟದ್ದು ಬಸ್ಸಿನ ಬಳಿ. ಇಂಥ ಹುಡುಗರು ಪ್ರತಿ ಪ್ರವಾಸದ ಬಸ್ಸಿನಲ್ಲೂ ನಾಲ್ಕೈದು ಮಂದಿ ಇರುತ್ತಾರೆ.

ಅವನ ಬೆನ್ನನ್ನು ಸುಟ್ಟದ್ದು ಅಂದಿನ ಸೆಕೆಯಲ್ಲ. ಬಿಸಿಲಿನಲ್ಲಿ ನಮ್ಮ ಮೈಗೆ ತಾಗುವುದು ಎರಡು ಬೇರೆ ಬೇರೆ ವಸ್ತು: ಒಂದು ಬಿಸಿ, ಇನ್ನೊಂದು ಕಣ್ಣಿಗೆ ಕಾಣದ, ಮೈಗೆ ಅರಿವಾಗದ ಅತಿನೇರಳೆ ಕಿರಣ. ಲಂಡನ್ನಿನ ಶಸ್ತ್ರವೈದ್ಯ ಎವರಾರ್ಡ್ ಹೋಮ್ ಎಂಬಾತ 1820ರ ಸುಮಾರಿಗೆ ತನ್ನದೇ ಕೈಗಳ ಮೇಲೆ ಇದನ್ನು ಪರೀಕ್ಷಿಸಿ ನೋಡಿದ. ಒಂದು ಕೈಯನ್ನು ನಡುಹಗಲ ಬಿಸಿಲಿಗೆ ಬರಿದಾಗಿ ಒಡ್ಡಿದ, ಇನ್ನೊಂದಕ್ಕೆ ಕಪ್ಪು ಬಟ್ಟೆ ಹೊದಿಸಿದ, ಎರಡರ ಬಳಿಯೂ ಥರ್ಮಾಮೀಟರ್ ಇಟ್ಟ. ಕಪ್ಪು ಬಟ್ಟೆಯ ಕೆಳಗೆ ಬಿಸಿ ಹೆಚ್ಚಿತ್ತು, ಆದರೆ ಸುಟ್ಟದ್ದು ಬರಿಗೈ. ಅತಿನೇರಳೆ ಕಿರಣಗಳಿವೆ ಎಂದು ಜರ್ಮನಿಯ ರಿಟ್ಟರ್ 1801ರಲ್ಲೇ ತೋರಿಸಿದ್ದರೂ, ಚರ್ಮ ಸುಡುವುದು ಅವುಗಳಿಂದಲೇ ಎಂಬುದು ಖಚಿತವಾಗಲು ಆ ಶತಮಾನದ ಕೊನೆಯವರೆಗೆ ಕಾಯಬೇಕಾಯಿತು.

ಈ ಕಿರಣ ಚರ್ಮದ ಮೇಲ್ಪದರದ ಜೀವಕೋಶಗಳ ಒಳಗಿನ ಡಿಎನ್‌ಎಯನ್ನು ಕೆಡಿಸುತ್ತದೆ. ಸ್ವಲ್ಪ ಕೆಟ್ಟರೆ ಕೋಶ ಅದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ರಿಪೇರಿ ಆಗದಷ್ಟು ಕೆಟ್ಟರೆ ಕೋಶ ಸಾಯುತ್ತದೆ, ಸಾಯುವಾಗ ಸುತ್ತಲಿನ ಅಂಗಾಂಶಕ್ಕೆ ಉರಿಯೂತದ ರಾಸಾಯನಿಕಗಳನ್ನು ಕಳಿಸುತ್ತದೆ. ಅವುಗಳ ಕರೆಗೆ ರಕ್ತನಾಳಗಳು ಹಿಗ್ಗಿ ಚರ್ಮ ಕೆಂಪೇರುತ್ತದೆ, ಬಿಸಿಯಾಗುತ್ತದೆ, ಊದಿಕೊಳ್ಳುತ್ತದೆ. ಇದಕ್ಕೆಲ್ಲ ಹೊತ್ತು ಹಿಡಿಯುತ್ತದೆ. ಆದ್ದರಿಂದ ಉರಿ ಮೂರರಿಂದ ಆರು ತಾಸಿನ ನಂತರ ಶುರುವಾಗಿ, ಹನ್ನೆರಡರಿಂದ ಇಪ್ಪತ್ನಾಲ್ಕು ತಾಸಿನ ಹೊತ್ತಿಗೆ ಪರಾಕಾಷ್ಠೆ ಮುಟ್ಟುತ್ತದೆ. ಸಂಜೆ ಬಸ್ಸಿನಲ್ಲಿ ಕಂಡದ್ದು ಆರಂಭ ಮಾತ್ರ, ಮರುದಿನ ಮಧ್ಯಾಹ್ನ ಅದಕ್ಕಿಂತ ಜೋರಾಗಿರುತ್ತದೆ.

ಕಡಲತೀರ ಮೋಸ ಮಾಡುವುದು ಇಲ್ಲಿಯೇ. ಗಾಳಿ ಬೀಸುತ್ತಿರುತ್ತದೆ, ಮೈ ಒದ್ದೆಯಾಗಿರುತ್ತದೆ, ಸೆಕೆ ಗೊತ್ತಾಗುವುದಿಲ್ಲ. ಆದರೆ ಕಿರಣಕ್ಕೆ ಗಾಳಿಯ ಲೆಕ್ಕವಿಲ್ಲ. ತೆಳು ಮೋಡ ಕವಿದರೂ ಅದರ ಬಹುಪಾಲು ಕೆಳಗೆ ಇಳಿದುಬರುತ್ತದೆ. ಒಣ ಮರಳು ಸುಮಾರು ಶೇಕಡಾ 15ರಷ್ಟನ್ನು, ಅಲೆಯ ನೊರೆ ಸುಮಾರು 25ರಷ್ಟನ್ನು ಮತ್ತೆ ಮೈ ಮೇಲೆಯೇ ಎರಚುತ್ತದೆ. ಅರ್ಧ ಮೀಟರ್ ನೀರಿನೊಳಗೆ ಮುಳುಗಿದರೂ ಮೇಲಿನದರ ಶೇಕಡಾ 40ರಷ್ಟು ಅಲ್ಲಿಗೂ ತಲುಪುತ್ತದೆ. ನಮ್ಮ ನಾಡಿನಲ್ಲಿ ಮಾರ್ಚ್‌ನಿಂದ ಮೇವರೆಗೆ ನಡುಹಗಲಿನ ಅತಿನೇರಳೆ ಸೂಚ್ಯಂಕ 11 ದಾಟುವುದು ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 3 ದಾಟಿದರೇ ರಕ್ಷಣೆ ಬೇಕು, 11 ಎಂದರೆ ತುತ್ತತುದಿ. ಮೊಬೈಲಿನಲ್ಲಿ ಇದನ್ನು ನೋಡುವ ಅಭ್ಯಾಸವಿಲ್ಲದವರಿಗೆ ನೆರಳೇ ಸಾಕು: ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣ ಜೋರಾಗಿದೆ. ಮಾರ್ಚ್ ಕೊನೆಯಲ್ಲಿ ಮಲ್ಪೆಯಲ್ಲಿ ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಮೂರೂವರೆಯವರೆಗೆ ಹೀಗಿರುತ್ತದೆ. ನಮ್ಮ ಹುಡುಗ ಅಂಗಿ ಬಿಚ್ಚಿದ್ದು ಹೆಚ್ಚುಕಡಿಮೆ ಆ ಹೊತ್ತಿನಲ್ಲೇ.

ಕಪ್ಪು ಮೈಗೆ ಇದೆಲ್ಲ ತಾಗುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅರ್ಧ ನಿಜ. ಮೈಬಣ್ಣಕ್ಕೆ ಕಾರಣವಾದ ಮೆಲನಿನ್ ಕಿರಣವನ್ನು ಹೀರಿಕೊಂಡು ಕೆಳಗಿನ ಕೋಶಗಳನ್ನು ಕಾಯುತ್ತದೆ, ಹಾಗಾಗಿ ಬಿಳಿ ತೊಗಲಿನ ವಿದೇಶಿ ಪ್ರವಾಸಿ ಅರ್ಧ ತಾಸಿಗೆ ಸುಟ್ಟುಕೊಂಡರೆ ನಮ್ಮವರು ಹೆಚ್ಚು ಹೊತ್ತು ತಾಳುತ್ತಾರೆ. ಆದರೆ ಆರು ತಾಸು ತಾಳುವುದಿಲ್ಲ. ಅದರಲ್ಲೂ ವರ್ಷವಿಡೀ ಅಂಗಿಯೊಳಗೆ ಇದ್ದ ಹೆಗಲು, ಬೆನ್ನು ಮೊಣಕೈಯಷ್ಟು ಬಿಸಿಲು ಕಂಡವಲ್ಲ. ಕಪ್ಪು ಚರ್ಮದಲ್ಲಿ ಇನ್ನೊಂದು ತೊಂದರೆ, ಕೆಂಪು ಎದ್ದು ಕಾಣುವುದಿಲ್ಲ. ಕಣ್ಣಿಗಿಂತ ಕೈಯನ್ನೇ ನಂಬಬೇಕು. ಅಂಗೈ ಹಿಂಬದಿಯಿಂದ ಮುಟ್ಟಿ ನೋಡಿದರೆ ಸುಟ್ಟ ಜಾಗ ಪಕ್ಕದ ಚರ್ಮಕ್ಕಿಂತ ಬಿಸಿಯಾಗಿ, ಬಿಗಿದುಕೊಂಡಂತೆ ಇರುತ್ತದೆ.

ಕೆಲವು ಮಾತ್ರೆಗಳು ಈ ಸುಡುವಿಕೆಯನ್ನು ಹಲವು ಪಟ್ಟು ಹೆಚ್ಚಿಸುತ್ತವೆ. ಮೊಡವೆಗೆ ಕೊಡುವ, ಕರಾವಳಿಯಲ್ಲಿ ಇಲಿಜ್ವರ ಬಾರದಂತೆಯೂ ನುಂಗಿಸುವ ಡಾಕ್ಸಿಸೈಕ್ಲಿನ್ ಅವುಗಳಲ್ಲಿ ಮುಖ್ಯವಾದದ್ದು. ಬಿಪಿಗೆ ಕೊಡುವ ಹೈಡ್ರೋಕ್ಲೋರೋಥಯಾಜೈಡ್ ಇನ್ನೊಂದು. ಜೊತೆಯವರಿಗೆಲ್ಲ ಏನೂ ಆಗದೆ ನಿಮಗೊಬ್ಬರಿಗೇ ಬೊಬ್ಬೆ ಎದ್ದರೆ, ಮಾತ್ರೆಯ ಚೀಟಿಯನ್ನು ಡಾಕ್ಟರಿಗೆ ತೋರಿಸಿ.

ಹುಡುಗ ಮನೆ ಮುಟ್ಟಿದಾಗ ರಾತ್ರಿ ಹನ್ನೊಂದು. ಅಜ್ಜಿ ಅವನ ಬೆನ್ನು ನೋಡಿದ್ದೇ ಅಡುಗೆಮನೆಗೆ ಹೊರಟಳು. "ಬೆಣ್ಣಿ ಹಚ್ತೀನಿ ಬಾರಪ್ಪ, ತಂಪಾಗ್ತೈತಿ."

"ಬ್ಯಾಡ ಬಿಡಜ್ಜಿ, ಮೊದ್ಲು ತಣ್ಣೀರು ಹಾಕ್ಕೊಂಡ್ ಬರ್ತೀನಿ."

ಹುಡುಗ ಹೇಳಿದ್ದು ಸರಿ. ಸುಟ್ಟ ಚರ್ಮದಲ್ಲಿ ಆ ಹೊತ್ತಿಗೆ ಬಿಸಿ ತುಂಬಿಕೊಂಡಿರುತ್ತದೆ, ಅದು ಹೊರಗೆ ಹೋಗಲು ದಾರಿ ಬೇಕು. ಬೆಣ್ಣೆ, ತುಪ್ಪ, ಕೊಬ್ಬರಿ ಎಣ್ಣೆ, ವ್ಯಾಸಲೀನ್ ಎಲ್ಲವೂ ಮೊದಲ ದಿನ ಆ ದಾರಿಯನ್ನು ಮುಚ್ಚುತ್ತವೆ. ಬೇಕಾದದ್ದು ನಲ್ಲಿಯ ಸಾಧಾರಣ ತಂಪು ನೀರು, ಹತ್ತು ಹದಿನೈದು ನಿಮಿಷ. ಶವರ್ ಇದ್ದರೆ ರಭಸ ಕಡಿಮೆ ಇರಲಿ, ಇಲ್ಲದಿದ್ದರೆ ಚೊಂಬಿನಲ್ಲಿ ನಿಧಾನವಾಗಿ ಸುರಿದುಕೊಳ್ಳುವುದು. ಕೂತಲ್ಲೇ ಆಗಬೇಕೆಂದರೆ ಹಳೆಯ ಹತ್ತಿ ಪಂಚೆಯನ್ನು ತಣ್ಣೀರಿನಲ್ಲಿ ಅದ್ದಿ ಬೆನ್ನ ಮೇಲೆ ಹಾಸಿ, ಬಿಸಿಯಾದಾಗ ಮತ್ತೆ ಅದ್ದಬೇಕು. ಫ್ರಿಜ್ಜಿನ ಮಂಜುಗಡ್ಡೆಯನ್ನು ಸುಟ್ಟ ಚರ್ಮಕ್ಕೆ ನೇರವಾಗಿ ಇಡಬಾರದು, ಈಗಾಗಲೇ ಗಾಯಗೊಂಡ ಪದರಕ್ಕೆ ಅತಿ ಶೀತವೂ ಇನ್ನೊಂದು ಪೆಟ್ಟು. ಸೋಪು ಆ ಜಾಗಕ್ಕೆ ಬೇಡ. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ತುಸು ತೇವವಿರುವಾಗಲೇ ವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್ ಲೋಷನ್ ಸವರಬೇಕು.

ಲೋಳೆಸರದ ಜೆಲ್ ಹಿತ ಕೊಡುತ್ತದೆ. ಹಿತ್ತಲಿನ ಗಿಡದ್ದೇ ಬಳಸುವುದಾದರೆ ಎಲೆ ಕತ್ತರಿಸಿದ ಕೂಡಲೇ ಒಸರುವ ಹಳದಿ ರಸವನ್ನು ಸೋರಲು ಬಿಟ್ಟು, ತಿರುಳನ್ನು ತೊಳೆದು ಹಚ್ಚಿ, ಏಕೆಂದರೆ ಆ ರಸವೇ ಕೆಲವರಿಗೆ ತುರಿಕೆ ತರುತ್ತದೆ. ತಣ್ಣನೆಯ ಮೊಸರನ್ನು ಹಚ್ಚುವವರೂ ಇದ್ದಾರೆ. ಚರ್ಮ ಒಡೆಯದಿದ್ದಾಗ ಅದು ತಂಪು ಬಟ್ಟೆ ಮಾಡುವಷ್ಟೇ ಕೆಲಸ ಮಾಡುತ್ತದೆ, ಒಡೆದ ಬೊಬ್ಬೆಯ ಮೇಲೆ ಮಾತ್ರ ಯಾವ ಕಾರಣಕ್ಕೂ ಹಾಕಬಾರದು. ಟೂತ್‌ಪೇಸ್ಟ್ ಬಗ್ಗೆ ಮಾತಾಡುವುದೇ ಬೇಡ.

ನೋವಿಗೆ ಪ್ಯಾರಾಸಿಟಮಾಲ್ 650 ಒಂದು, ಆರು ತಾಸಿಗೊಮ್ಮೆ, ದಿನಕ್ಕೆ ನಾಲ್ಕು ಮೀರದಂತೆ. ಐಬುಪ್ರೊಫೆನ್ ಉರಿಯೂತವನ್ನೂ ತಗ್ಗಿಸುವುದರಿಂದ ಹೆಚ್ಚು ಹಿತ ಕೊಡಬಹುದು, ಆದರೆ ಅದಕ್ಕೆ ಒಂದು ಷರತ್ತಿದೆ. ಇಡೀ ದಿನ ಬೆವರಿ, ನೀರು ಕುಡಿಯದೆ ಬಂದವರಲ್ಲಿ ಅದು ಮೂತ್ರಪಿಂಡಕ್ಕೆ ಹೊರೆ. ಚೆನ್ನಾಗಿ ನೀರು ಕುಡಿದು, ತಿಳಿ ಮೂತ್ರ ಹೋದ ಮೇಲೆ, ಊಟವಾದ ಮೇಲೆ ನುಂಗಬಹುದು. ಹೊಟ್ಟೆಯ ಹುಣ್ಣು, ಕಿಡ್ನಿ ತೊಂದರೆ, ಉಬ್ಬಸ ಇರುವವರು ಮತ್ತು ಗರ್ಭಿಣಿಯರು ಅದರ ತಂಟೆಗೆ ಹೋಗಬಾರದು. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು.

ಮರುದಿನ ಬೆಳಿಗ್ಗೆ ಹುಡುಗನ ಎರಡೂ ಹೆಗಲಲ್ಲಿ ಸಣ್ಣ ನೀರುಗುಳ್ಳೆಗಳು ಎದ್ದಿದ್ದವು, ಸಂಜೆಗೆ ಕೆಲವು ಕೂಡಿಕೊಂಡು ದೊಡ್ಡ ಬೊಬ್ಬೆಗಳಾದವು. ಬೊಬ್ಬೆ ಎದ್ದಿತೆಂದರೆ ಗಾಯ ಮೇಲ್ಪದರವನ್ನು ದಾಟಿ ಕೆಳಗಿನ ಪದರದ ಅಂಚಿಗೆ ಇಳಿದಿದೆ ಎಂದರ್ಥ. ವೈದ್ಯರ ಲೆಕ್ಕದಲ್ಲಿ ಇದು ಎರಡನೆಯ ಹಂತದ ಸುಟ್ಟಗಾಯ, ಬಿಸಿನೀರು ಚೆಲ್ಲಿ ಬೊಬ್ಬೆ ಬರುತ್ತದಲ್ಲ, ಅದೇ ದರ್ಜೆಯದು. ಸತ್ತ ಮೇಲ್ಪದರ ಕೆಳಗಿನದರಿಂದ ಬಿಟ್ಟುಕೊಂಡು, ನಡುವಿನ ಜಾಗದಲ್ಲಿ ರಕ್ತನಾಳಗಳಿಂದ ಸೋರಿದ ತಿಳಿನೀರು ತುಂಬುತ್ತದೆ. ಆ ನೀರು ಕೀವಲ್ಲ, ವಿಷವಲ್ಲ. ಮೇಲಿನ ತೆಳು ಪೊರೆ ಹರಿಯದಿರುವಷ್ಟು ಕಾಲ ಅದರ ಕೆಳಗೆ ಹೊಸ ಚರ್ಮ ರೋಗಾಣುಗಳ ಕಾಟವಿಲ್ಲದೆ ಬೆಳೆಯುತ್ತದೆ. ಸೂಜಿ ಕಾಯಿಸಿ ಚುಚ್ಚುವ ಹಿರಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ, ಅವರ ಕೈ ತಡೆಯಬೇಕು.

ಬ್ಯಾಗಿನ ಪಟ್ಟಿಗೋ, ನಿದ್ದೆಯ ಮಗ್ಗುಲಿಗೋ ಬೊಬ್ಬೆ ತಾನಾಗಿ ಒಡೆದರೆ ಗಾಬರಿ ಬೇಡ. ಕೈ ತೊಳೆದುಕೊಂಡು, ಸೌಮ್ಯ ಸೋಪು ಹಾಗೂ ನೀರಿನಿಂದ ಆ ಜಾಗ ತೊಳೆದು, ಪೊರೆಯನ್ನು ಕಿತ್ತೆಸೆಯದೆ ಹಾಗೇ ಗಾಯದ ಮೇಲೆ ಮಲಗಿಸಿ. ಅದರ ಮೇಲೆ ತೆಳುವಾಗಿ ವ್ಯಾಸಲೀನ್ ಸವರಿ, ಅಂಟಿಕೊಳ್ಳದ ಗಾಜ್ ಬಟ್ಟೆ ಇಟ್ಟು ಸಡಿಲವಾಗಿ ಕಟ್ಟಿ. ಮೊದಲ ದಿನ ಬೇಡ ಎಂದ ವ್ಯಾಸಲೀನ್ ಇಲ್ಲಿ ಯಾಕೆ ಎಂದರೆ, ಈಗ ಒಳಗಿನ ಕಾವು ಇಳಿದಿದೆ, ಗಾಯ ಒಣಗಿ ಬಿರಿಯದಿರುವುದು ಮುಖ್ಯ. ಪಟ್ಟಿಯನ್ನು ದಿನಕ್ಕೊಮ್ಮೆ ಬದಲಿಸಿದರೆ ಸಾಕು. ಟಿಟಿ ಇಂಜೆಕ್ಷನ್ ತೆಗೆದುಕೊಂಡು ಎಷ್ಟು ವರ್ಷವಾಯಿತು ಎಂದು ಈ ನೆಪದಲ್ಲಿ ನೆನಪು ಮಾಡಿಕೊಳ್ಳುವುದೂ ಒಳ್ಳೆಯದು. ಮೆಡಿಕಲ್ ಶಾಪಿನವರು ಯಾವ ಚರ್ಮರೋಗಕ್ಕೂ ಕೊಡುವ, ಸ್ಟಿರಾಯ್ಡ್ ಬೆರೆತ ಟ್ಯೂಬುಗಳಿವೆಯಲ್ಲ, ಅವನ್ನು ಒಡೆದ ಬೊಬ್ಬೆಗೆ ಹಚ್ಚಿದರೆ ಗಾಯ ಮಾಯುವುದು ನಿಧಾನವಾಗುತ್ತದೆ, ಸೋಂಕಿಗೂ ದಾರಿಯಾಗುತ್ತದೆ.

ಎಷ್ಟು ಬೊಬ್ಬೆಯನ್ನು ಮನೆಯಲ್ಲೇ ನೋಡಿಕೊಳ್ಳಬಹುದು? ಅಳತೆಗೆ ಗಾಯಾಳುವಿನ ಅಂಗೈಯೇ ಇದೆ. ಬೆರಳುಗಳೂ ಸೇರಿದ ಅಂಗೈ ಅವರ ಇಡೀ ಮೈಯ ಹೆಚ್ಚುಕಡಿಮೆ ಶೇಕಡಾ 1. ನಮ್ಮ ಹುಡುಗನ ಬೊಬ್ಬೆಗಳನ್ನೆಲ್ಲ ಒಟ್ಟು ಮಾಡಿದರೆ ಒಂದೂವರೆ ಅಂಗೈ ಆಗುತ್ತಿತ್ತು, ಉಳಿದ ಬೆನ್ನು ಬರೀ ಕೆಂಪು. ಆರೋಗ್ಯವಂತ ವಯಸ್ಕನಿಗೆ ಇದು ಮನೆಯ ಆರೈಕೆಗೆ ಸಿಗುವ ಗಾಯ. ಇದಕ್ಕಿಂತ ಹರಡಿದ್ದರೆ, ಇಲ್ಲವೇ ಮುಖ, ಕಣ್ಣರೆಪ್ಪೆ, ಅಂಗೈ, ಅಂಗಾಲು, ಗುಪ್ತಾಂಗದ ಮೇಲೆ ಎದ್ದಿದ್ದರೆ, ಅಥವಾ ಗಾಯಾಳು ಸಣ್ಣ ಮಗುವೋ ಸಕ್ಕರೆ ಕಾಯಿಲೆಯವರೋ ಆಗಿದ್ದರೆ ಡಾಕ್ಟರ್ ನೋಡಲೇಬೇಕು. ವರ್ಷ ತುಂಬದ ಕೂಸಿಗಾದರೆ ಬೊಬ್ಬೆ ಏಳುವವರೆಗೂ ಕಾಯುವುದು ಬೇಡ.

ಮೂರನೆಯ ದಿನದಿಂದ ನೋವು ಇಳಿಯಬೇಕು. ಇಳಿದ ನೋವು ಮತ್ತೆ ಏರಿದರೆ, ಬೊಬ್ಬೆಯೊಳಗಿನ ತಿಳಿನೀರು ಹಳದಿಯಾಗಿ ಗಟ್ಟಿಯಾದರೆ, ಸುತ್ತಲಿನ ಬಿಸಿ ದಿನದಿನಕ್ಕೂ ಹರಡಿದರೆ, ಹೊಸದಾಗಿ ಜ್ವರ ಬಂದರೆ, ಆಗ ಅದು ಬಿಸಿಲಿನ ಕೆಲಸವಲ್ಲ, ಸೋಂಕು. ಅದಕ್ಕೆ ಆಂಟಿಬಯೋಟಿಕ್ ಬೇಕಾಗಬಹುದು.

ಎಲ್ಲ ಸರಿಯಾಗಿ ನಡೆದರೆ ನಾಲ್ಕನೆಯ ದಿನದ ಹೊತ್ತಿಗೆ ಸಿಪ್ಪೆ ಏಳಲು ಶುರು. ಅಂದು ಒಟ್ಟಿಗೇ ಸತ್ತ ಕೋಶಗಳ ಪದರ ಕೆಳಗೆ ಹೊಸದು ಸಿದ್ಧವಾದ ಮೇಲೆ ಹಾಳೆಹಾಳೆಯಾಗಿ ಕಳಚಿಕೊಳ್ಳುತ್ತದೆ. ಜೊತೆಗೆ ತುರಿಕೆ, ಅದೂ ನಿದ್ದೆ ಕೆಡಿಸುವಷ್ಟು. ಗೆಳೆಯರ ಬೆನ್ನಿನ ಸಿಪ್ಪೆಯನ್ನು ಎಷ್ಟು ಉದ್ದಕ್ಕೆ ಎಳೆಯಬಹುದು ಎಂಬ ಪಂದ್ಯ ಹಾಸ್ಟೆಲುಗಳಲ್ಲಿ ನಡೆಯುತ್ತದೆ ಎಂಬುದು ಗೊತ್ತಿದ್ದದ್ದೇ. ಅದರ ಫಲ ಬೇಗ ಕಾಣುತ್ತದೆ: ಸಿಪ್ಪೆ ಸಡಿಲವಾಗಿ ಎದ್ದ ಕಡೆ ಮುಗಿಯದೆ, ಇನ್ನೂ ಹಿಡಿದುಕೊಂಡಿರುವ ಕಡೆಗೂ ಹರಿದು ಹಸಿ ಗಾಯವಾಗುತ್ತದೆ. ತೂಗಾಡುವ ತುಂಡನ್ನು ಶುದ್ಧವಾದ ಕತ್ತರಿಯಿಂದ ಕತ್ತರಿಸಿ ಬಿಟ್ಟುಬಿಡಬೇಕು. ಕಡಲೆಹಿಟ್ಟು, ಸ್ನಾನದ ನಾರು, ಸ್ಕ್ರಬ್ ಯಾವುದೂ ಬೇಡ. ಈ ಹಂತದಲ್ಲಿ ಅಜ್ಜಿಯ ಕೊಬ್ಬರಿ ಎಣ್ಣೆಗೆ ಅಡ್ಡಿಯಿಲ್ಲ, ಒಡೆಯದ ಒಣ ಚರ್ಮಕ್ಕೆ ದಿನಕ್ಕೆರಡು ಸಲ ತೆಳುವಾಗಿ ಸವರಬಹುದು. ತುರಿಕೆಗೆ ಒದ್ದೆ ಬಟ್ಟೆ ಒಳ್ಳೆಯದು, ಕ್ಯಾಲಮೈನ್ ಲೋಷನ್ ಕೂಡ.

ನಮ್ಮ ಬಣ್ಣದ ಚರ್ಮದಲ್ಲಿ ಸಿಪ್ಪೆ ಹೋದ ಮೇಲೆ ಕಪ್ಪು ಕಲೆ ಉಳಿಯುವುದು ಹೆಚ್ಚು, ಕೆಲವೊಮ್ಮೆ ತಿಂಗಳುಗಟ್ಟಲೆ. ಅದನ್ನು ಬಿಳಿ ಮಾಡಲು ನಿಂಬೆಹಣ್ಣು ಉಜ್ಜುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ನಿಂಬೆಯ ರಸ ಮತ್ತು ಸಿಪ್ಪೆಯಲ್ಲಿರುವ ಕೆಲವು ರಾಸಾಯನಿಕಗಳು ಬಿಸಿಲು ಬಿದ್ದಾಗ ಚರ್ಮವನ್ನು ಸುಡುತ್ತವೆ. ರಸ ಹಚ್ಚಿಕೊಂಡು ಹೊರಗೆ ಹೋದರೆ ಒಂದೆರಡು ದಿನದಲ್ಲಿ ಅದು ಹರಿದ ಜಾಡಿನಲ್ಲೇ ಬೊಬ್ಬೆ ಏಳಬಹುದು, ಆಮೇಲೆ ಮೊದಲಿಗಿಂತ ಗಾಢವಾದ ಕಲೆ ಉಳಿಯುತ್ತದೆ. ಕಡಲತೀರದಲ್ಲಿ ಶರಬತ್ತಿಗೆ ನಿಂಬೆ ಹಿಂಡಿದ ಕೈಯನ್ನೂ ತೊಳೆದುಕೊಳ್ಳುವುದು ಲೇಸು. ಕಲೆ ತಾನಾಗಿ ಮಾಸುತ್ತದೆ, ಆದರೆ ಹೊಸ ಚರ್ಮಕ್ಕೆ ಮತ್ತೆ ಬಿಸಿಲು ಬೀಳಬಾರದು. ಅದಕ್ಕೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಆದೀತು, ಒತ್ತಾಗಿ ನೆಯ್ದ ತೋಳಿನ ಅಂಗಿ ಇನ್ನೂ ಉತ್ತಮ. ಒದ್ದೆಯಾದ ತೆಳು ಬಿಳಿ ಬನಿಯನ್ ಮಾತ್ರ ಲೆಕ್ಕಕ್ಕಿಲ್ಲ, ಕಿರಣ ಅದರ ಮೂಲಕ ಸಲೀಸಾಗಿ ನುಸುಳುತ್ತದೆ.

ಇಷ್ಟೂ ಕಿರಣದ ಕಥೆಯಾಯಿತು. ಅದು ನಿಧಾನದ್ದು, ಕಣ್ಣಿಗೆ ಕಾಣುವಂಥದ್ದು, ನೋವು ಕೊಟ್ಟು ತನ್ನನ್ನು ತಾನೇ ತೋರಿಸಿಕೊಳ್ಳುವಂಥದ್ದು. ಆದರೆ ಅದೇ ದಿನ, ಅದೇ ಮರಳಿನ ಮೇಲೆ, ಬಿಸಿ ತನ್ನ ಕೆಲಸವನ್ನು ಬೇರೆಯಾಗಿ ಮಾಡುತ್ತಿರುತ್ತದೆ. ಬೊಬ್ಬೆಯಿಂದ ಸಾಯುವವರು ಅಪರೂಪ. ಬಿಸಿಯಿಂದ ಕೆಲವೇ ತಾಸಿನಲ್ಲಿ ಸಾಯುತ್ತಾರೆ. 2024ರ ಅಕ್ಟೋಬರ್ 6ರಂದು ಚೆನ್ನೈನ ಮರೀನಾ ಕಡಲತೀರದಲ್ಲಿ ವಾಯುಪಡೆಯ ವಿಮಾನ ಪ್ರದರ್ಶನ ನೋಡಲು ಲಕ್ಷಾಂತರ ಮಂದಿ ಸೇರಿದ್ದರು. ನೋಡಲು ಬಂದವರಲ್ಲಿ ಐವರು ಸತ್ತರು, ಅನೇಕರು ಆಸ್ಪತ್ರೆ ಸೇರಿದರು. ಅದು ಏಪ್ರಿಲ್ ಅಲ್ಲ, ಮೇ ಅಲ್ಲ. ಬಿಸಿಲಿನಲ್ಲಿ ತಾಸುಗಟ್ಟಲೆ ನಿಂತದ್ದು, ಕುಡಿಯುವ ನೀರು ಕೈಗೆ ಸಿಗದ್ದು, ಜನಜಂಗುಳಿಯಿಂದ ಹೊರಬರಲು ದಾರಿಯಿಲ್ಲದ್ದು, ಇಷ್ಟೇ ಸಾಕಾಯಿತು.

ಕರಾವಳಿಯ ಉಷ್ಣಾಂಶ ಕಲಬುರಗಿ, ರಾಯಚೂರಿನಷ್ಟು ಏರುವುದಿಲ್ಲ, ನಿಜ. ಹವಾಮಾನ ಇಲಾಖೆ ಬಯಲುಸೀಮೆಯಲ್ಲಿ 40 ಡಿಗ್ರಿ ಮುಟ್ಟದೆ ಬಿಸಿಗಾಳಿ ಎನ್ನುವುದಿಲ್ಲ, ಕರಾವಳಿಗೆ ಮಾತ್ರ ಆ ಗಡಿಯನ್ನು 37ಕ್ಕೆ ಇಳಿಸಿದೆ. ಕಾರಣ ಅಲ್ಲಿನ ಗಾಳಿಯ ತೇವ. ಹೊರಗಿನ ಬಿಸಿ ಮೈಯ ಬಿಸಿಗೆ ಸಮವಾಗುತ್ತ ಬಂದಾಗ ದೇಹಕ್ಕೆ ತಣ್ಣಗಾಗಲು ಉಳಿಯುವ ದಾರಿ ಬೆವರು ಆರುವುದೊಂದೇ. ತೇವದ ಗಾಳಿಯಲ್ಲಿ ಬೆವರು ಆರದೆ ತೊಟ್ಟಿಕ್ಕುತ್ತದೆ, ತೊಟ್ಟಿಕ್ಕಿದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ಅದರ ಜೊತೆ ನೀರು ಮತ್ತು ಉಪ್ಪು ಮಾತ್ರ ಹೋಗುತ್ತವೆ.

ಮತ್ತೆ ಮಲ್ಪೆಗೆ ಬರೋಣ. ಮಧ್ಯಾಹ್ನ ಎರಡೂವರೆ, ವಾಲಿಬಾಲ್ ನಡೆದಿದೆ. ನಮ್ಮ ಹುಡುಗನ ಗೆಳೆಯನೊಬ್ಬ ಬೆಳಿಗ್ಗೆಯಿಂದ ಒಂದು ಚಹಾ, ಒಂದು ಬಾಳೆಹಣ್ಣು ಬಿಟ್ಟರೆ ಹೆಚ್ಚೇನೂ ತಿಂದಿಲ್ಲ. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು ಸುಮ್ಮನಾಗುತ್ತಾನೆ. ಮೊದಲ ಗುರುತು ಬಹಳ ಸಲ ಇದೇ, ಆದರೆ ಯಾರೂ ಗಮನಿಸುವುದಿಲ್ಲ. ಆಮೇಲೆ ಮೀನಖಂಡ ಹಿಡಿದುಕೊಳ್ಳುತ್ತದೆ. ತಲೆನೋವು, ವಾಕರಿಕೆ, ಎದ್ದು ನಿಂತರೆ ಕಣ್ಣು ಕತ್ತಲೆ. ಮುಖ ಬಿಳಿಚಿ, ಮೈಯೆಲ್ಲ ಬೆವರಿ ತಣ್ಣಗೆ ಜಿಗುಟಾಗಿ, ನಾಡಿ ಜೋರಾಗಿ ಓಡುತ್ತಿರುತ್ತದೆ. ಆದರೆ ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುತ್ತಾನೆ. ಇದು ಬಿಸಿಲ ಬಳಲಿಕೆ. ಚರ್ಮವನ್ನು ತಂಪು ಮಾಡಲು ಹೃದಯ ರಕ್ತವನ್ನೆಲ್ಲ ಹೊರಮೈಗೆ ಕಳಿಸುತ್ತಿದೆ, ಇತ್ತ ಬೆವರಿನಿಂದ ರಕ್ತದ ನೀರೇ ಕಡಿಮೆಯಾಗಿದೆ, ಮೆದುಳಿಗೆ ಸಾಲುತ್ತಿಲ್ಲ.

ಅವನನ್ನು ನೆರಳಿಗೆ ತಂದು ಅಂಗಾತ ಮಲಗಿಸಿ, ಕಾಲುಗಳನ್ನು ಬ್ಯಾಗಿನ ಮೇಲೆ ಎತ್ತರಕ್ಕೆ ಇಡಬೇಕು. ಶೂ, ಬೆಲ್ಟ್ ಸಡಿಲಿಸಿ, ಮೈಗೆಲ್ಲ ನೀರು ಚಿಮುಕಿಸಿ, ಒಬ್ಬರು ಬಟ್ಟೆಯಿಂದ ಗಾಳಿ ಹಾಕುತ್ತಲೇ ಇರಬೇಕು. ಕುಡಿಯಲು ಓಆರ್‌ಎಸ್ ಎಲ್ಲಕ್ಕಿಂತ ಒಳ್ಳೆಯದು, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ, ಗುಟುಕು ಗುಟುಕಾಗಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹಾಕಿದ ನೀರುಮಜ್ಜಿಗೆ, ಎಳನೀರೂ ಆಗುತ್ತವೆ. ಬಿಯರ್ ಮಾತ್ರ ಇರುವ ನೀರನ್ನೂ ಹೊರಗೆ ಹಾಕಿಸುತ್ತದೆ. ಅರ್ಧ ತಾಸಿನೊಳಗೆ ಅವನು ಚೇತರಿಸಿಕೊಳ್ಳಬೇಕು. ಚೇತರಿಸದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಆಸ್ಪತ್ರೆಗೆ. ಚೇತರಿಸಿದರೂ ಅಂದು ಮತ್ತೆ ಆಟಕ್ಕೆ ಇಳಿಯಬಾರದು.

ಈಗ ಬೇರೆ ದಾರಿ ಹಿಡಿದರೆ ಏನಾಗುತ್ತದೆ ನೋಡಿ. ಗೆಳೆಯರು "ಏನಾಗಲ್ಲ ಬಾರೋ" ಎಂದು ಆಟಕ್ಕೆ ಎಳೆದರು ಎಂದುಕೊಳ್ಳಿ. ಇಪ್ಪತ್ತು ನಿಮಿಷದ ನಂತರ ಅವನ ನಡಿಗೆ ತಪ್ಪುತ್ತದೆ. ಬಸ್ಸು ಎಲ್ಲಿ ನಿಂತಿದೆ ಎಂದು ಕೇಳಿದರೆ ಸಂಬಂಧವಿಲ್ಲದ ಏನೋ ಹೇಳುತ್ತಾನೆ, ಕಾರಣವಿಲ್ಲದೆ ಸಿಟ್ಟಾಗುತ್ತಾನೆ, ಇಲ್ಲವೇ ಕುಸಿದು ಬೀಳುತ್ತಾನೆ, ಫಿಟ್ಸ್ ಕೂಡ ಬರಬಹುದು. ಇದು ಬಿಸಿಲೇಟು, ಹೀಟ್ ಸ್ಟ್ರೋಕ್. ದೇಹದ ಒಳಗಿನ ಬಿಸಿ 40 ಡಿಗ್ರಿ ದಾಟಿ ಮೆದುಳು ತಾಳ ತಪ್ಪಿದೆ. ಬಿಸಿಲೇಟಾದರೆ ಬೆವರು ನಿಂತು ಮೈ ಒಣಗುತ್ತದೆ ಎಂಬುದನ್ನು ಬಹಳ ಜನ ಕೇಳಿರುತ್ತಾರೆ. ಮನೆಯೊಳಗೆ ಕೂತ ವೃದ್ಧರಲ್ಲಿ ಹಾಗಾಗುವುದುಂಟು. ಆಡುತ್ತಲೋ ದುಡಿಯುತ್ತಲೋ ಬಿದ್ದವರ ಮೈ ಇನ್ನೂ ಬೆವರುತ್ತಿರಬಹುದು. ಬೆವರು ಇದೆ ಎಂದು ಸಮಾಧಾನಪಟ್ಟುಕೊಂಡು ಜೀವ ಕಳೆದುಕೊಂಡವರಿದ್ದಾರೆ. ಕಂಕುಳಿನ ಥರ್ಮಾಮೀಟರನ್ನೂ ನಂಬಬಾರದು, ಒದ್ದೆ ಚರ್ಮದಲ್ಲಿ ಅದು ಕಡಿಮೆ ತೋರಿಸುತ್ತದೆ. ಮಾತು, ನಡೆ, ಎಚ್ಚರ ಇವುಗಳಲ್ಲಿ ಏರುಪೇರು ಕಂಡರೆ ಬಿಸಿಲೇಟು ಎಂದೇ ಹಿಡಿದು ಮುಂದುವರಿಯಬೇಕು.

ಒಬ್ಬರು 108ಕ್ಕೆ ಫೋನ್ ಮಾಡಲಿ, ಉಳಿದವರು ಆಂಬುಲೆನ್ಸಿಗೆ ಕಾಯದೆ ತಂಪು ಮಾಡಲು ಶುರು ಮಾಡಲಿ. ಅರ್ಧ ತಾಸಿನೊಳಗೆ ಒಳಗಿನ ಬಿಸಿ ಇಳಿದರೆ ಬದುಕುವ ಸಾಧ್ಯತೆ ಬಹಳ ಹೆಚ್ಚು, ಆ ಅರ್ಧ ತಾಸು ಆಸ್ಪತ್ರೆಯ ದಾರಿಯಲ್ಲಿ ಕಳೆದುಹೋಗಬಾರದು. ನೆರಳಿಗೆ ಎಳೆದು, ಬಟ್ಟೆ ತೆಗೆದು, ಬಕೆಟ್ಟುಗಟ್ಟಲೆ ನೀರು ಸುರಿಯುತ್ತ ಗಾಳಿ ಹಾಕಬೇಕು. ಮಲ್ಪೆ ಮೀನುಗಾರಿಕೆ ಬಂದರು, ಮಂಜುಗಡ್ಡೆಗೆ ಬರವಿಲ್ಲ. ಮೀನಿನವರ, ಜ್ಯೂಸ್ ಅಂಗಡಿಯವರ ಐಸನ್ನು ನೀರಿಗೆ ಹಾಕಿ, ಟವೆಲುಗಳನ್ನು ಅದರಲ್ಲಿ ಅದ್ದಿ ಮೈತುಂಬ ಹೊದಿಸಿ, ಒಂದೆರಡು ನಿಮಿಷಕ್ಕೊಮ್ಮೆ ಬದಲಿಸುತ್ತಿರಬೇಕು. ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಬೇಕು. ಸುಟ್ಟ ಚರ್ಮಕ್ಕೆ ಐಸ್ ಬೇಡ ಎಂದದ್ದು ಇಲ್ಲಿ ಅನ್ವಯಿಸುವುದಿಲ್ಲ. ಬೆನ್ನು ಸುಟ್ಟಿದ್ದರೂ ಇರಲಿ, ಮೊದಲು ಜೀವ. ಎಚ್ಚರ ತಪ್ಪಿದವರ, ತೊದಲುವವರ ಬಾಯಿಗೆ ನೀರು ಹಾಕಬಾರದು, ಶ್ವಾಸಕೋಶಕ್ಕೆ ಇಳಿಯುತ್ತದೆ. ವಾಂತಿ ಬಂದರೆ ಮಗ್ಗುಲಿಗೆ ಹೊರಳಿಸಬೇಕು. ಪ್ಯಾರಾಸಿಟಮಾಲ್ ಕೊಡುವುದರಿಂದ ಪ್ರಯೋಜನವಿಲ್ಲ. ಅದು ಇಳಿಸುವುದು ಜ್ವರವನ್ನು, ಇದು ಜ್ವರವಲ್ಲ. ಬಿಸಿಯಿಂದ ಈಗಾಗಲೇ ನರಳುತ್ತಿರುವ ಯಕೃತ್ತಿಗೆ ಅದು ಇನ್ನೊಂದು ಭಾರ. ಅಲೆಗಳಲ್ಲಿ ಮುಳುಗಿಸಿ ತಂಪು ಮಾಡೋಣ ಎಂಬ ಯೋಚನೆಯೂ ಬೇಡ, ಎಚ್ಚರವಿಲ್ಲದವನನ್ನು ಕಡಲಿಗಿಳಿಸಿದರೆ ಇನ್ನೊಂದು ಅನಾಹುತ.

ಗೊಂದಲ ಹುಟ್ಟುವುದು ಆ ರಾತ್ರಿ. ಹೆಗಲು ಸುಟ್ಟ ಹುಡುಗನಿಗೂ ಚಳಿ, ಮೈಬಿಸಿ, ತಲೆನೋವು ಇತ್ತಲ್ಲ, ಅದು ಯಾವ ಲೆಕ್ಕ? ದೊಡ್ಡ ಭಾಗ ಸುಟ್ಟಾಗ ಉರಿಯೂತದ ರಾಸಾಯನಿಕಗಳಿಂದಲೇ ಸಣ್ಣ ಜ್ವರ, ನಡುಕ ಬರುತ್ತದೆ. ಅಂಥವನು ಮಾತಿನಲ್ಲಿ ಸ್ಪಷ್ಟವಾಗಿರುತ್ತಾನೆ, ಕೊಟ್ಟ ನೀರು ಹೊಟ್ಟೆಯಲ್ಲಿ ನಿಲ್ಲುತ್ತದೆ, ಮಲಗುವ ಮುನ್ನ ಮೂತ್ರ ಹೋಗುತ್ತದೆ, ಪ್ಯಾರಾಸಿಟಮಾಲಿಗೆ ಜ್ವರ ಇಳಿಯುತ್ತದೆ. ಇವುಗಳಲ್ಲಿ ಒಂದೊಂದನ್ನೂ ಕೇಳಿ ನೋಡಬೇಕು. ನಿಲ್ಲದ ವಾಂತಿ, 39 ಡಿಗ್ರಿ ದಾಟಿದ ಜ್ವರ, ಎಂಟು ತಾಸಾದರೂ ಮೂತ್ರ ಹೋಗದಿರುವುದು, ಇವು ಬೆಳಗಾಗಲಿ ಎಂದು ಕಾಯುವ ಲಕ್ಷಣಗಳಲ್ಲ. ಹೋದ ಮೂತ್ರ ಕಡು ಚಹಾದ ಬಣ್ಣದಲ್ಲಿದ್ದರೆ ಸ್ನಾಯುಗಳು ಬಿಸಿಗೆ ಕರಗಿ ಮೂತ್ರಪಿಂಡವನ್ನು ಕಟ್ಟುತ್ತಿರಬಹುದು. ಮಾತು ತೊದಲಿದರಂತೂ ಬಸ್ಸನ್ನೇ ದಾರಿಯಲ್ಲಿ ಸಿಗುವ ಆಸ್ಪತ್ರೆಯ ಮುಂದೆ ನಿಲ್ಲಿಸಬೇಕು.

ಬೆಳಕು ಮತ್ತು ಬಿಸಿ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವುದು ನಂತರದ ವಾರದಲ್ಲಿ. ಸುಟ್ಟ ಚರ್ಮದ ಬೆವರಿನ ವ್ಯವಸ್ಥೆಗೂ ಏಟು ಬಿದ್ದಿರುತ್ತದೆ, ಕೆಂಪು ಮಾಸಿದ ಮೇಲೂ ಕೆಲವು ದಿನ ಆ ಭಾಗ ಮೊದಲಿನಷ್ಟು ಬೆವರುವುದಿಲ್ಲ. ಇಡೀ ಬೆನ್ನು ಸುಟ್ಟವನ ಮೈಯಲ್ಲಿ ತಂಪು ಮಾಡಿಕೊಳ್ಳುವ ದೊಡ್ಡದೊಂದು ಭಾಗವೇ ರಜೆಯಲ್ಲಿದೆ ಎಂದಾಯಿತು. ಒಮ್ಮೆ ಬಿಸಿಲ ಬಳಲಿಕೆ ಆದವರಿಗೂ ಮುಂದಿನ ಕೆಲವು ದಿನ ಅದು ಮರುಕಳಿಸುವುದು ಸುಲಭ. ಆದ್ದರಿಂದ ಪ್ರವಾಸ ಮುಗಿದ ಮೊದಲ ಭಾನುವಾರ ಹೈಸ್ಕೂಲ್ ಮೈದಾನದ ಮ್ಯಾಚಿಗೆ ಈ ಇಬ್ಬರನ್ನೂ ಫೀಲ್ಡಿಂಗಿಗೆ ನಿಲ್ಲಿಸಬೇಡಿ. ಬೇವಿನ ಮರದ ಕೆಳಗೆ ಕುರ್ಚಿ ಹಾಕಿ ಕೊಟ್ಟರೆ ಸ್ಕೋರು ಬರೆಯುತ್ತಾರೆ.